ಬೆರಳ ಗೆಣ್ಣು ಊದಿದಾಗ: ಸವಕಳಿಯ ಗುಬುಟೋ, ಉರಿಯೂತದ ಬಾವೋ?

ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಮಡಚುವುದಿಲ್ಲ. ನಲ್ಲಿಯ ತಿರುಪು ಕೈಗೆ ಸಿಗುತ್ತದೆ, ಆದರೆ ಹಿಡಿತ ಸಿಗುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಎರಡು ಪಟ್ಟು ಹೊತ್ತು ಬೇಕು. ಗೆಣ್ಣುಗಳನ್ನು ನೋಡಿದರೆ ಊದಿಕೊಂಡಿವೆ. ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಮಾತು "ಸಂಧಿವಾತ ಇರಬೇಕು" ಎಂದು. ಅದರ ಬೆನ್ನಿಗೇ "ವಯಸ್ಸಾಯಿತಲ್ಲ" ಎಂಬ ಸಮಾಧಾನವೂ ಬರುತ್ತದೆ.

ತೊಂದರೆ ಇರುವುದು ಆ ಹೆಸರಿನಲ್ಲಿಯೇ. ಸಂಧಿವಾತ ಎಂಬ ಒಂದೇ ಮಾತಿನ ಕೆಳಗೆ ನಾವು ಹತ್ತಾರು ಕಾಯಿಲೆಗಳನ್ನು ತುಂಬಿದ್ದೇವೆ. ಕೈಬೆರಳುಗಳ ಮಟ್ಟಿಗೆ ಅವುಗಳಲ್ಲಿ ಎರಡು ಮುಖ್ಯ. ಒಂದು, ಕೀಲು ಸವೆದು ಅದರ ಅಂಚಿನಲ್ಲಿ ಮೂಳೆ ಉಬ್ಬುವ ಆಸ್ಟಿಯೊಆರ್ಥ್ರೈಟಿಸ್. ಇನ್ನೊಂದು, ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ರುಮಟಾಯ್ಡ್ ಆರ್ಥ್ರೈಟಿಸ್. ಮೊದಲನೆಯದು ನಿಧಾನವಾದದ್ದು, ಅದಕ್ಕೆ ತುರ್ತು ಇಲ್ಲ. ಎರಡನೆಯದಕ್ಕೆ ಚಿಕಿತ್ಸೆ ತಡವಾದರೆ ಕೀಲು ಮತ್ತೆ ಸರಿಹೋಗದಂತೆ ಹಾಳಾಗುತ್ತದೆ. ಹಾಗಾಗಿ ಇವೆರಡನ್ನು ಬೇರೆ ಮಾಡಿ ನೋಡಲು ಬರುವುದು ಬಹಳ ಬೆಲೆಯುಳ್ಳ ತಿಳಿವಳಿಕೆ. ಅದರ ಬಹುಪಾಲು ಸುಳಿವು ಕೈಯ ಮೇಲೆಯೇ ಇರುತ್ತದೆ.

ಮಾತು ಸ್ಪಷ್ಟವಾಗಲೆಂದು ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಆಕೆಗೆ 58 ವರ್ಷ, ವೃತ್ತಿಯಲ್ಲಿ ಶಿಕ್ಷಕಿ. ಹತ್ತು ವರ್ಷಗಳಿಂದ ಆಕೆಯ ತೋರುಬೆರಳು ಮತ್ತು ನಡುಬೆರಳಿನ ತುದಿಯ ಗೆಣ್ಣುಗಳಲ್ಲಿ ಗಟ್ಟಿ ಗುಬುಟುಗಳಿವೆ. ಆಕೆಯ ತಾಯಿಗೂ ಹಾಗೆಯೇ ಇದ್ದವು. "ಇದು ಸವಕಳಿ, ಹೆದರಬೇಕಿಲ್ಲ" ಎಂದು ವೈದ್ಯರು ಹೇಳಿದ್ದರು; ಅದು ಸರಿಯಾದ ಮಾತೇ ಆಗಿತ್ತು. ಈಗ ಎರಡು ತಿಂಗಳಿಂದ ಬೆಳಗಿನ ಹೊತ್ತು ಎರಡೂ ಕೈಗಳು ಬಿಗಿದುಕೊಳ್ಳುತ್ತಿವೆ, ಉಂಗುರ ಬೆರಳಿಗೆ ಇಳಿಯುತ್ತಿಲ್ಲ. ಹಳೆಯ ಗುಬುಟುಗಳೇ ಜೋರಾಗಿವೆ ಎಂದುಕೊಂಡು ಆಕೆ ನೋವಿನ ಮಾತ್ರೆ ನುಂಗುತ್ತಿದ್ದಾರೆ. ಆಕೆಯ ಊಹೆ ಸರಿಯೇ? ಅದನ್ನು ಹೇಳುವ ಮೊದಲು ಬೆರಳಿನ ರಚನೆಯನ್ನು ನೋಡಬೇಕು.

## ಒಂದು ಬೆರಳು, ಮೂರು ಗೆಣ್ಣು

ನಿಮ್ಮ ಕೈಯನ್ನೇ ಮುಂದಿಟ್ಟುಕೊಳ್ಳಿ. ಹೆಬ್ಬೆರಳನ್ನು ಬಿಟ್ಟು ಪ್ರತಿ ಬೆರಳಿನಲ್ಲಿ ಮೂರು ಕೀಲುಗಳಿವೆ. ಉಗುರಿನ ಹಿಂದೆಯೇ ಇರುವುದನ್ನು ತುದಿಗೆಣ್ಣು ಎನ್ನೋಣ. ಬೆರಳಿನ ಮಧ್ಯದಲ್ಲಿ ಮಡಚುವುದು ನಡುಗೆಣ್ಣು. ಬೆರಳು ಅಂಗೈಯನ್ನು ಸೇರುವಲ್ಲಿ, ಮುಷ್ಟಿ ಕಟ್ಟಿದಾಗ ಸಾಲುಗುಡ್ಡಗಳಂತೆ ಎದ್ದು ಕಾಣುವುದು ಬುಡಗೆಣ್ಣು. ಹೆಬ್ಬೆರಳಿನಲ್ಲಿ ಎರಡೇ ಗೆಣ್ಣುಗಳು. ಆದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ, ಇನ್ನೊಂದು ಮುಖ್ಯವಾದ ಕೀಲಿದೆ. ಹೆಬ್ಬೆರಳನ್ನು ಎಲ್ಲ ಕಡೆಗೂ ತಿರುಗಿಸಲು ಸಾಧ್ಯವಾಗುವುದು ಅದರಿಂದಲೇ.

ಈ ಹೆಸರುಗಳು ಈ ಲೇಖನದ ಅನುಕೂಲಕ್ಕೆ ಮಾತ್ರ. ಆದರೆ ಊತ ಯಾವ ಸಾಲಿನಲ್ಲಿದೆ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಎರಡು ಕಾಯಿಲೆಗಳೂ ಕೈಯಲ್ಲಿ ತಮ್ಮ ತಮ್ಮ ಜಾಗ ಆರಿಸಿಕೊಳ್ಳುತ್ತವೆ.

## ಕೀಲಿನ ಒಳಗೆ ನಡೆಯುವುದೇನು

ಎರಡು ಮೂಳೆಗಳ ತುದಿಗಳು ಸೇರುವಲ್ಲಿ ಒಂದಕ್ಕೊಂದು ಉಜ್ಜದಂತೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇಡೀ ಕೀಲನ್ನು ಒಂದು ಚೀಲ ಸುತ್ತಿಕೊಂಡಿರುತ್ತದೆ. ಆ ಚೀಲದ ಒಳಮೈಗೆ ತೆಳುವಾದ ಒಂದು ಪೊರೆ. ಅದನ್ನು ಕೀಲುಪೊರೆ ಎನ್ನುತ್ತಾರೆ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟಂತೆ ಕೀಲಿಗೆ ಬೇಕಾದ ಜಾರುದ್ರವವನ್ನು ಒದಗಿಸುವುದು ಈ ಪೊರೆ. ಆರೋಗ್ಯವಂತರಲ್ಲಿ ಅದು ಕೈಗೆ ತಾಕದಷ್ಟು ತೆಳು.

ಆಸ್ಟಿಯೊಆರ್ಥ್ರೈಟಿಸ್‌ನಲ್ಲಿ ಮೊದಲು ಕೆಡುವುದು ಮೃದ್ವಸ್ಥಿ. ಅದು ತೆಳುವಾಗುತ್ತಾ ಒರಟಾಗುತ್ತಾ ಹೋದಂತೆ ಕೆಳಗಿನ ಮೂಳೆಯ ಮೇಲೆ ಒತ್ತಡ ಹೆಚ್ಚುತ್ತದೆ. ಮೂಳೆ ಸುಮ್ಮನಿರುವುದಿಲ್ಲ, ಅಂಚಿನಲ್ಲಿ ಹೊಸ ಮೂಳೆ ಚಿಗುರುತ್ತದೆ. ಬೆರಳ ತುದಿಯಲ್ಲಿ ಕಾಣುವ ಗುಬುಟು ಹೀಗೆ ಚಿಗುರಿದ ಮೂಳೆಯೇ. ಇದನ್ನು ಬರೀ ಸವಕಳಿ ಎಂದರೆ ಪೂರ್ತಿ ನಿಜವಲ್ಲ. ಒಳಗೆ ಸಣ್ಣ ಪ್ರಮಾಣದ ಉರಿಯೂತವೂ ಇರುತ್ತದೆ, ಆನುವಂಶಿಕತೆಯ ಪಾತ್ರವೂ ದೊಡ್ಡದು. ಶಿಕ್ಷಕಿಯ ತಾಯಿಗೂ ಗುಬುಟುಗಳಿದ್ದವು ಎಂಬುದು ಆಕಸ್ಮಿಕವಲ್ಲ.

ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಜಗಳ ಶುರುವಾಗುವುದು ಕೀಲುಪೊರೆಯಲ್ಲಿ. ಸೋಂಕಿನ ವಿರುದ್ಧ ಹೋರಾಡಬೇಕಾದ ಜೀವಕೋಶಗಳು ಯಾವ ಸೋಂಕೂ ಇಲ್ಲದೆ ಅಲ್ಲಿ ಬಂದು ನೆಲೆಸುತ್ತವೆ. ತೆಳುವಾಗಿದ್ದ ಪೊರೆ ನೀರು ಹೀರಿದ ಸ್ಪಂಜಿನಂತೆ ದಪ್ಪವಾಗುತ್ತದೆ, ದ್ರವ ತುಂಬಿಕೊಳ್ಳುತ್ತದೆ. ಹೀಗೆ ದಪ್ಪವಾದ ಪೊರೆ ಮುಂದೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯತೊಡಗುತ್ತದೆ. ಒಂದು ಕಾಯಿಲೆಯಲ್ಲಿ ಅಂಚಿನ ಮೂಳೆ ಬೆಳೆಯುತ್ತದೆ, ಇನ್ನೊಂದರಲ್ಲಿ ಅದೇ ಅಂಚು ಕೊರೆದುಹೋಗುತ್ತದೆ. ಮುಂದೆ ಹೇಳುವ ಹೊರಗಿನ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟಿದವು.

## ತುದಿಗೆಣ್ಣಿನ ಗುಬುಟುಗಳು

ತುದಿಗೆಣ್ಣಿನ ಗುಬುಟುಗಳಿಗೆ ಹೆಬರ್ಡನ್ ಗುಬುಟುಗಳೆಂದು ಹೆಸರು. ವಿಲಿಯಂ ಹೆಬರ್ಡನ್ 18ನೆಯ ಶತಮಾನದ ಇಂಗ್ಲಿಷ್ ವೈದ್ಯ. ಆತ ತೀರಿಕೊಂಡ ಮರುವರ್ಷ, 1802ರಲ್ಲಿ, ಪ್ರಕಟವಾದ ಟಿಪ್ಪಣಿಗಳಲ್ಲಿ ಬೆರಳ ತುದಿಯ ಹತ್ತಿರ ಕಾಣುವ, ಸಣ್ಣ ಬಟಾಣಿ ಗಾತ್ರದ ಗಟ್ಟಿ ಉಬ್ಬುಗಳ ವರ್ಣನೆಯಿದೆ. ಆಗ ಗೆಣ್ಣಿನ ಊತವೆಂದರೆ ಗೌಟ್ ಎಂದೇ ಭಾವಿಸುವವರು ಬಹಳ; ಯೂರಿಕ್ ಆಮ್ಲದ ಹರಳುಗಳಿಂದ ಕೀಲು ಊದುವ ಕಾಯಿಲೆ ಅದು. ಇವಕ್ಕೂ ಗೌಟ್‌ಗೂ ಸಂಬಂಧವಿಲ್ಲ ಎಂದು ಹೆಬರ್ಡನ್ ಬರೆದ. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿಯೇ ಆತ ಅದನ್ನು ಕಂಡುಕೊಂಡದ್ದು. ನಡುಗೆಣ್ಣಿನಲ್ಲೂ ಇಂಥವೇ ಗುಬುಟುಗಳು ಬರಬಹುದು. ಅವುಗಳಿಗೆ ಫ್ರೆಂಚ್ ವೈದ್ಯ ಬುಷಾರ್‌ನ ಹೆಸರಿದೆ.

ಗುಬುಟು ಸಾಮಾನ್ಯವಾಗಿ ಗೆಣ್ಣಿನ ಮೇಲ್ಭಾಗದಲ್ಲಿ, ಮಧ್ಯಗೆರೆಯ ಎಡಬಲಕ್ಕೆ ಜೋಡಿಯಾಗಿ ಏಳುತ್ತದೆ. ಎದುರಿನಿಂದ ನೋಡಿದರೆ ಗೆಣ್ಣು ಚೌಕವಾದಂತೆ ಕಾಣುತ್ತದೆ. ವರ್ಷಗಳು ಕಳೆದಂತೆ ಉಗುರಿರುವ ತುಂಡು ಒಂದು ಪಕ್ಕಕ್ಕೆ ಓರೆಯಾಗುವುದೂ ಉಂಟು. ಹೆಬ್ಬೆರಳಿನ ಬುಡದ ಕೀಲು ಸವೆದವರಲ್ಲಿ ಆ ಜಾಗ ಮೂಲೆಯಂತೆ ಹೊರಚಾಚಿ ಕೈಯೇ ಚೌಕವಾಗಿ ಕಾಣಿಸುತ್ತದೆ. ಬಾಟಲಿಯ ಮುಚ್ಚಳ ತಿರುಗಿಸುವುದು, ಬೀಗದ ಕೈ ತಿರುವುವುದು ಕಷ್ಟವಾಗುತ್ತದೆ. ನಲವತ್ತು ದಾಟಿದ ಮೇಲೆ, ಅದರಲ್ಲೂ ಮುಟ್ಟು ನಿಲ್ಲುವ ಆಸುಪಾಸಿನ ಮಹಿಳೆಯರಲ್ಲಿ ಇವು ಹೆಚ್ಚು.

ಇಲ್ಲಿ ಒಂದು ಎಚ್ಚರ ಬೇಕು. ಗುಬುಟು ಹುಟ್ಟುವ ಹೊತ್ತಿನಲ್ಲಿ ಅದು ತಣ್ಣಗಿರುವುದಿಲ್ಲ. ಮೊದಲ ಕೆಲವು ತಿಂಗಳು ಗೆಣ್ಣು ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿರಬಹುದು. ಆಮೇಲೆ ನೋವು ತಗ್ಗಿ ಗಟ್ಟಿ ಉಬ್ಬು ಮಾತ್ರ ಉಳಿಯುತ್ತದೆ. ಆದ್ದರಿಂದ ಒಂದು ತುದಿಗೆಣ್ಣು ಕೆಂಪಾದ ಮಾತ್ರಕ್ಕೆ ಅದು ರುಮಟಾಯ್ಡ್ ಎಂದು ಗಾಬರಿಯಾಗಬೇಕಿಲ್ಲ. ಕೆಲವರಿಗೆ ಗುಬುಟಿನ ಪಕ್ಕದಲ್ಲಿ, ಉಗುರಿನ ಬುಡಕ್ಕೆ ಹತ್ತಿಕೊಂಡು, ಲೋಳೆ ತುಂಬಿದ ಸಣ್ಣ ಗುಳ್ಳೆ ಏಳುತ್ತದೆ. ಅದನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಲೇಬಾರದು. ಒಳಗೆ ಅದು ಕೀಲಿಗೆ ಸೇರಿಕೊಂಡಿರಬಹುದು. ಚುಚ್ಚಿದ ದಾರಿಯಲ್ಲಿ ಸೋಂಕು ನೇರ ಕೀಲನ್ನು ಹೊಕ್ಕೀತು.

## ಬುಡಗೆಣ್ಣುಗಳ ಸಾಲು

ರುಮಟಾಯ್ಡ್ ಆರ್ಥ್ರೈಟಿಸ್ ಕೈಯಲ್ಲಿ ಹಿಡಿಯುವುದು ಬುಡಗೆಣ್ಣುಗಳನ್ನು, ನಡುಗೆಣ್ಣುಗಳನ್ನು ಮತ್ತು ಮಣಿಕಟ್ಟನ್ನು. ತುದಿಗೆಣ್ಣುಗಳನ್ನು ಅದು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಈ ಕಾಯಿಲೆ ಕೀಲುಪೊರೆಯದ್ದು. ತುದಿಗೆಣ್ಣಿನಂಥ ಪುಟ್ಟ ಕೀಲಿನಲ್ಲಿ ಆ ಪೊರೆ ಇರುವುದೇ ಸ್ವಲ್ಪ.

ಬುಡಗೆಣ್ಣುಗಳಲ್ಲಿಯೂ ತೋರುಬೆರಳು ಮತ್ತು ನಡುಬೆರಳಿನವು ಹೆಚ್ಚಾಗಿ ಮೊದಲು ಊದುತ್ತವೆ. ಎರಡೂ ಕೈಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಇರುತ್ತವೆ, ಕನ್ನಡಿಯಲ್ಲಿ ಕಂಡಂತೆ. ಒಂದೊಂದು ಗೆಣ್ಣೂ ತಾಳೆಯಾಗಬೇಕೆಂದಿಲ್ಲ. ಅದೇ ಸಾಲು ಎರಡೂ ಕೈಗಳಲ್ಲಿ ಹಿಡಿದಿದ್ದರೆ ಸಾಕು. ಸವಕಳಿಯ ಗುಬುಟುಗಳೂ ಎರಡೂ ಕೈಗಳಲ್ಲಿ ಬರುತ್ತವೆ ಎಂಬುದನ್ನು ಮರೆಯಬಾರದು. ಹಾಗಾಗಿ 'ಎರಡೂ ಕೈ' ಎಂಬ ಸುಳಿವನ್ನು ಒಂಟಿಯಾಗಿ ನಂಬುವಂತಿಲ್ಲ, ಸಾಲಿನ ಜೊತೆಗಿಟ್ಟೇ ಓದಬೇಕು.

ಮನೆಯಲ್ಲೇ ನೋಡಬಹುದಾದ ಒಂದು ಗುರುತಿದೆ. ಎರಡೂ ಕೈಗಳನ್ನು ಮುಷ್ಟಿ ಕಟ್ಟಿ, ಬುಡಗೆಣ್ಣುಗಳನ್ನು ಕಣ್ಣಿನ ಮಟ್ಟಕ್ಕೆ ತಂದು ಬೆಳಕಿನಲ್ಲಿ ನೋಡಿ. ಗೆಣ್ಣು ಗೆಣ್ಣುಗಳ ನಡುವೆ ಕಣಿವೆಯಂಥ ತಗ್ಗುಗಳಿರಬೇಕು. ಕೀಲುಪೊರೆ ಊದಿದರೆ ಆ ತಗ್ಗು ತುಂಬಿಕೊಂಡು ಸಾಲು ಸಪಾಟಾಗುತ್ತದೆ. ಮೈತುಂಬಿಕೊಂಡ ಕೈಯವರಲ್ಲಿ ತಗ್ಗುಗಳು ಮೊದಲಿನಿಂದಲೂ ಆಳವಾಗಿರುವುದಿಲ್ಲ, ಅವರು ತಮ್ಮ ಹಳೆಯ ಫೋಟೊ ಜೊತೆ ಹೋಲಿಸುವುದು ಒಳ್ಳೆಯದು. ನಡುಗೆಣ್ಣು ಊದಿದಾಗ ಬೆರಳು ನಡುವೆ ದಪ್ಪವಾಗಿ ಎರಡೂ ತುದಿಗಳತ್ತ ಸಣ್ಣಗಾಗಿ ಕದಿರಿನ ಆಕಾರ ಪಡೆಯುತ್ತದೆ. ಗುಬುಟಿನಂತೆ ಒಂದು ಜಾಗದಲ್ಲಿ ಎದ್ದು ನಿಲ್ಲುವ ಉಬ್ಬು ಅದಲ್ಲ, ಗೆಣ್ಣಿನ ಸುತ್ತಲೂ ತುಂಬಿಕೊಂಡ ಊತ.

ಪುಸ್ತಕಗಳಲ್ಲಿ ರುಮಟಾಯ್ಡ್ ಕೈ ಎಂದು ತೋರಿಸುವ ಚಿತ್ರಗಳಲ್ಲಿ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿರುತ್ತವೆ, ಕೆಲವು ಬೆರಳು ಹಂಸದ ಕೊರಳಿನಂತೆ ಬಾಗಿರುತ್ತವೆ. ಆ ಚಿತ್ರಕ್ಕೂ ತಮ್ಮ ಕೈಗೂ ಹೋಲಿಕೆಯಿಲ್ಲವೆಂದು ಅನೇಕರು ನಿಶ್ಚಿಂತರಾಗುತ್ತಾರೆ. ಆ ಚಿತ್ರ ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದ ಕೈಯದು. ಕಾಯಿಲೆಯ ಮೊದಲ ತಿಂಗಳುಗಳಲ್ಲಿ ಬೆರಳುಗಳು ನೆಟ್ಟಗೇ ಇರುತ್ತವೆ. ತಗ್ಗುಗಳು ಮಾತ್ರ ಮಾಯವಾಗಿರುತ್ತವೆ.

## ಒತ್ತಿದರೆ ತಿಳಿಯುವುದು

ಕಣ್ಣಿಗಿಂತ ಹೆಚ್ಚು ಹೇಳುವುದು ಬೆರಳು. ಹಣೆಯನ್ನು ಒತ್ತಿ ನೋಡಿ: ಚರ್ಮದ ಕೆಳಗೆ ನೇರ ಮೂಳೆ, ಸ್ವಲ್ಪವೂ ತಗ್ಗುವುದಿಲ್ಲ. ಆಮೇಲೆ ಅರ್ಧ ನೀರು ತುಂಬಿದ ಬಲೂನನ್ನು ಒತ್ತಿದ ಅನುಭವವನ್ನು ನೆನೆಯಿರಿ: ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಬಿಟ್ಟರೆ ಮರಳುತ್ತದೆ. ಸವಕಳಿಯ ಗುಬುಟು ಹಣೆಯಂತೆ. ಉರಿಯೂತದ ಗೆಣ್ಣು ಬಲೂನಿನಂತೆ. ಮೆತ್ತಗೆ, ತುಸು ಪುಟಿಯುವಂತೆ, ಹೆಚ್ಚಿನ ವೇಳೆ ಬೆಚ್ಚಗೆ. ರುಮಟಾಯ್ಡ್ ಊತ ಬಿಸಿಯಾಗಿದ್ದರೂ ಚರ್ಮ ಕೆಂಪಗಾಗುವುದು ಅಪರೂಪ. ಗೆಣ್ಣು ಕೆಂಡದಂತೆ ಕೆಂಪಾಗಿದ್ದರೆ ಗೌಟ್ ಅಥವಾ ಸೋಂಕನ್ನು ಮೊದಲು ಯೋಚಿಸಬೇಕು.

ವೈದ್ಯರು ಮಾಡುವ ಇನ್ನೊಂದು ಪರೀಕ್ಷೆ ಬಹಳ ಸರಳ. ಕೈಕುಲುಕುವಂತೆ ಹಿಡಿದು ನಾಲ್ಕೂ ಬುಡಗೆಣ್ಣುಗಳನ್ನು ಎರಡೂ ಪಕ್ಕಗಳಿಂದ ಹದವಾಗಿ ಹಿಂಡುತ್ತಾರೆ. ಆರೋಗ್ಯವಂತ ಕೈಗೆ ಅದು ಒತ್ತಡ ಮಾತ್ರ. ಬುಡಗೆಣ್ಣುಗಳಲ್ಲಿ ಉರಿಯೂತವಿದ್ದರೆ ಮುಖ ಕಿವುಚುವಷ್ಟು ನೋವು. ಅಂಗಾಲಿನ ಮುಂಭಾಗವನ್ನೂ ಹೀಗೆ ಹಿಂಡಿ ನೋಡುತ್ತಾರೆ, ಏಕೆಂದರೆ ಕಾಲ್ಬೆರಳುಗಳ ಬುಡವೂ ಈ ಕಾಯಿಲೆಗೆ ಬಹಳ ಬೇಗ ಸಿಕ್ಕುವ ಜಾಗ. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟಾಗ ಕಲ್ಲು ತುಳಿದಂತಾಗುತ್ತದೆ ಎನ್ನುವವರ ಕೈಯನ್ನೂ ನೋಡಲೇಬೇಕು.

## ಬೆಳಗಿನ ಬಿಗಿತಕ್ಕೆ ಗಡಿಯಾರ ಹಿಡಿಯಿರಿ

ಬಿಗಿತ ಎರಡೂ ಕಾಯಿಲೆಗಳಲ್ಲಿ ಇರುತ್ತದೆ. ವ್ಯತ್ಯಾಸವಿರುವುದು ಅದರ ಅವಧಿಯಲ್ಲಿ. ಸವೆದ ಕೀಲು ಬೆಳಿಗ್ಗೆ ಎದ್ದಾಗ, ಅಥವಾ ಬಹಳ ಹೊತ್ತು ಸುಮ್ಮನಿದ್ದು ಕೆಲಸಕ್ಕೆ ಕೈ ಹಾಕಿದಾಗ ಬಿಗಿದುಕೊಂಡಿರುತ್ತದೆ. ನಾಲ್ಕಾರು ಬಾರಿ ಮಡಚಿ ಬಿಡಿಸಿದರೆ ಐದು ಹತ್ತು ನಿಮಿಷದಲ್ಲಿ ಸಡಿಲಾಗುತ್ತದೆ. ಅರ್ಧ ಗಂಟೆ ಮೀರುವುದು ವಿರಳ. ಅದರ ನೋವು ಕೆಲಸ ಮಾಡಿದಷ್ಟೂ ಏರಿ ಸಂಜೆಗೆ ಹೆಚ್ಚು, ವಿಶ್ರಾಂತಿಯಿಂದ ಕಡಿಮೆ. ರುಮಟಾಯ್ಡ್ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ಮೀರುತ್ತದೆ. ಒಂದು ಗಂಟೆ, ಎರಡು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಎಳೆಯುತ್ತದೆ. ಅಲ್ಲಿ ವಿಶ್ರಾಂತಿಯೇ ಕೀಲನ್ನು ಕೆಡಿಸಿದಂತಿರುತ್ತದೆ, ಓಡಾಟದಿಂದ ಕೈ ಹಗುರಾಗುತ್ತದೆ.

ಬೆಳಗಿನ ಹೊತ್ತೇ ಏಕೆ? ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳು ರಾತ್ರಿಯ ಕೊನೆಯ ಜಾವದಲ್ಲಿ ರಕ್ತದಲ್ಲಿ ಏರುತ್ತವೆ. ಅವನ್ನು ತಗ್ಗಿಸುವ ದೇಹದ ಸ್ವಂತ ಹಾರ್ಮೋನು ಕಾರ್ಟಿಸಾಲ್ ಬೆಳಿಗ್ಗೆ ಏರಿದರೂ ಈ ಕಾಯಿಲೆಯಲ್ಲಿ ಅದು ಸಾಲದು. ಜೊತೆಗೆ ಇಡೀ ರಾತ್ರಿ ಅಲುಗಾಡದ ಕೀಲಿನಲ್ಲಿ, ಅದರ ಸುತ್ತ ದ್ರವ ಕೂಡಿಕೊಂಡಿರುತ್ತದೆ. ಕೈ ಆಡಿಸಿದಂತೆ ಆ ದ್ರವ ಹರಿದುಹೋಗುತ್ತದೆ.

ವೈದ್ಯರು ಕೇಳಿದಾಗ "ತುಂಬಾ ಹೊತ್ತು ಬಿಗಿದಿರುತ್ತದೆ" ಎಂದರೆ ಅವರಿಗೆ ಏನೂ ಸಿಕ್ಕಂತಾಗುವುದಿಲ್ಲ. ಎದ್ದ ಹೊತ್ತನ್ನು ಗುರುತಿಸಿಕೊಂಡು, ಬೆರಳ ತುದಿಗಳು ಅಂಗೈಯನ್ನು ಮುಟ್ಟುವಂತೆ ಪೂರ್ತಿ ಮುಷ್ಟಿ ಕಟ್ಟಲು ಸಾಧ್ಯವಾದ ಹೊತ್ತನ್ನೂ ಬರೆದಿಡಿ. ಒಂದು ವಾರ ಹೀಗೆ ಬರೆದ ಚೀಟಿ ಹಲವು ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೋವಿನ ಮಾತ್ರೆ ನುಂಗಿದ ದಿನವನ್ನು ಬೇರೆ ಗುರುತು ಮಾಡಬೇಕು. ಮಾತ್ರೆ ಬಿಗಿತವನ್ನು ಮರೆಮಾಡುತ್ತದೆ.

## ಎರಡೂ ಒಂದೇ ಕೈಯಲ್ಲಿ

ಈಗ ಶಿಕ್ಷಕಿಯ ಕೈಗೆ ಮರಳೋಣ. ತುದಿಗೆಣ್ಣುಗಳಲ್ಲಿ ಹಳೆಯ ಗುಬುಟುಗಳಿವೆ. ಒತ್ತಿದರೆ ಕಲ್ಲು, ನೋವಿಲ್ಲ, ಬಿಸಿಯಿಲ್ಲ. ಹತ್ತು ವರ್ಷಗಳಲ್ಲಿ ಹೇಗಿದ್ದವೋ ಹಾಗೆಯೇ ಇವೆ. ಆದರೆ ಎರಡೂ ಕೈಗಳ ತೋರುಬೆರಳು ಮತ್ತು ನಡುಬೆರಳಿನ ಬುಡಗೆಣ್ಣುಗಳ ನಡುವಿನ ತಗ್ಗು ಮುಚ್ಚಿಹೋಗಿದೆ. ಎರಡು ನಡುಗೆಣ್ಣುಗಳು ಮೆತ್ತಗೆ ಊದಿವೆ. ಉಂಗುರ ಇಳಿಯದಿರುವುದು ಆ ಕಾರಣಕ್ಕೆ. ಎರಡೂ ಮಣಿಕಟ್ಟುಗಳು ಬೆಚ್ಚಗಿವೆ. ಹಿಂಡಿದರೆ ಕೈ ಎಳೆದುಕೊಳ್ಳುತ್ತಾರೆ. ಆಕೆ ಬರೆದಿಟ್ಟ ಲೆಕ್ಕದಲ್ಲಿ ಬಿಗಿತ ಒಂದೂವರೆ ಗಂಟೆ.

ಗುಬುಟುಗಳು ಇದ್ದವರಿಗೆ ರುಮಟಾಯ್ಡ್ ಬರುವುದಿಲ್ಲ ಎಂಬ ನಿಯಮವೇನೂ ಇಲ್ಲ. ಐವತ್ತು ದಾಟಿದವರಲ್ಲಿ ಗುಬುಟುಗಳು ಅಷ್ಟು ಸಾಮಾನ್ಯವಾದ್ದರಿಂದ ಎರಡೂ ಒಂದೇ ಕೈಯಲ್ಲಿ ಸೇರುವುದು ಅಪರೂಪವಲ್ಲ. ಹಳೆಯ ಗುಬುಟು ಕಣ್ಣಿಗೆ ಮೊದಲು ಬೀಳುತ್ತದೆ, ಹೊಸ ಊತ ಅದರ ಮರೆಯಲ್ಲಿ ನಿಲ್ಲುತ್ತದೆ. ಈ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತು ಇದೇ: ಗುಬುಟು ಇದೆಯೇ ಎಂದು ಕೇಳಿ ನಿಲ್ಲಿಸಬಾರದು, ಬುಡಗೆಣ್ಣುಗಳ ಸಾಲನ್ನು ಬೇರೆಯಾಗಿ ನೋಡಬೇಕು.

ತಜ್ಞರೂ ಇದನ್ನೇ ಮಾಡುತ್ತಾರೆ. ರುಮಟಾಯ್ಡ್ ಆರ್ಥ್ರೈಟಿಸ್ ಗುರುತಿಸಲು ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಗಳು 2010ರಲ್ಲಿ ಒಂದು ಅಂಕಪಟ್ಟಿ ಮಾಡಿದವು. ಎಷ್ಟು ಕೀಲುಗಳು ಊದಿವೆ ಎಂದು ಎಣಿಸುವಾಗ ತುದಿಗೆಣ್ಣುಗಳನ್ನೂ ಹೆಬ್ಬೆರಳಿನ ಬುಡದ ಕೀಲನ್ನೂ ಲೆಕ್ಕದಿಂದ ಬಿಟ್ಟುಬಿಡಬೇಕೆಂದು ಅದರಲ್ಲಿ ಹೇಳಿದೆ. ಅವು ಸವಕಳಿಯ ಜಾಗಗಳು, ಎಣಿಸಿದರೆ ಲೆಕ್ಕ ತಪ್ಪುತ್ತದೆ. ಶಿಕ್ಷಕಿಯ ಕೈಯಲ್ಲಿ ಅವನ್ನು ಕಳೆದ ಮೇಲೂ ಎಂಟು ಕೀಲುಗಳು ಉಳಿಯುತ್ತವೆ: ನಾಲ್ಕು ಬುಡಗೆಣ್ಣು, ಎರಡು ನಡುಗೆಣ್ಣು, ಎರಡು ಮಣಿಕಟ್ಟು. ಅದೇ ಪಟ್ಟಿಯಲ್ಲಿ ಊತ ಆರು ವಾರ ದಾಟಿದೆಯೇ ಎಂಬುದಕ್ಕೂ ಅಂಕವಿದೆ. ಆಕೆಗೆ ಎರಡು ತಿಂಗಳು ದಾಟಿದೆ.

## ರಕ್ತ ಮತ್ತು ಎಕ್ಸ್‌ರೇ ಹೇಳುವುದು, ಹೇಳದಿರುವುದು

ರಕ್ತಪರೀಕ್ಷೆಯಲ್ಲಿ ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ಅಂಶಗಳು ದೇಹದಲ್ಲಿ ಉರಿಯೂತ ಇದೆಯೇ ಎಂಬುದನ್ನು ಸೂಚಿಸುತ್ತವೆ. ಅದು ಎಲ್ಲಿದೆ, ಯಾಕಿದೆ ಎಂದು ಹೇಳುವುದಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಎಂಬ ಪರೀಕ್ಷೆಯ ಹೆಸರು ಕೇಳಿದರೆ ಅದೇ ಕೊನೆಯ ತೀರ್ಪು ಎನಿಸುತ್ತದೆ. ಹಾಗಲ್ಲ. ಕಾಯಿಲೆಯಿರುವ ಐದಾರು ಜನರಲ್ಲಿ ಒಬ್ಬರಿಗಾದರೂ ಅದು ನೆಗೆಟಿವ್ ಬರುತ್ತದೆ. ಇತ್ತ ಕೀಲಿನ ಕಾಯಿಲೆಯೇ ಇಲ್ಲದ ಕೆಲವು ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ನಿಖರ. ಅದು ಪಾಸಿಟಿವ್ ಆದರೆ ಸಂಶಯ ಬಹಳ ಗಟ್ಟಿಯಾಗುತ್ತದೆ. ಆದರೆ ನೆಗೆಟಿವ್ ಆದರೆ ಕಾಯಿಲೆ ಇಲ್ಲವೆಂದಲ್ಲ. ಮೆತ್ತಗೆ ಊದಿದ ಗೆಣ್ಣುಗಳನ್ನು ಕೈಯಿಂದ ಮುಟ್ಟಿದ ವೈದ್ಯರ ಮಾತಿಗೆ ಕಾಗದದ ಮೇಲಿನ 'ನೆಗೆಟಿವ್' ಸಮವಲ್ಲ.

ಶಿಕ್ಷಕಿಯ ವರದಿಯಲ್ಲಿ ಸಿಆರ್‌ಪಿ ಹೆಚ್ಚು, ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್, ಆಂಟಿ-ಸಿಸಿಪಿ ಪಾಸಿಟಿವ್ ಎಂದಿಟ್ಟುಕೊಳ್ಳಿ. ಎಕ್ಸ್‌ರೇ ವರದಿ ಬರೆದವರು "ತುದಿಯ ಕೀಲುಗಳಲ್ಲಿ ಸವಕಳಿಯ ಬದಲಾವಣೆ" ಎಂದಷ್ಟೇ ಬರೆದಿದ್ದಾರೆ. ಮನೆಯವರಿಗೆ ನೆಮ್ಮದಿಯಾಗುತ್ತದೆ. ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಎಕ್ಸ್‌ರೇ ಸುಳ್ಳು ಹೇಳಿಲ್ಲ. ತುದಿಗೆಣ್ಣಿನಲ್ಲಿ ಅಂತರ ಕಡಿಮೆಯಾಗಿರುವುದೂ ಅಂಚಿನ ಮೂಳೆ ಚಿಗುರಿರುವುದೂ ನಿಜ. ಆದರೆ ಎಕ್ಸ್‌ರೇಗೆ ಕಾಣುವುದು ಮೂಳೆ. ಊದಿದ ಕೀಲುಪೊರೆ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಮೂಳೆಯ ಅಂಚು ಕೊರೆದುಹೋಗಲು ತಿಂಗಳುಗಳು ಬೇಕು. ಮೊದಲ ತಿಂಗಳುಗಳ ರುಮಟಾಯ್ಡ್ ಕೈಯ ಎಕ್ಸ್‌ರೇ ಪೂರ್ತಿ ಸಹಜವಾಗಿರಬಹುದು. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ. ದಪ್ಪವಾದ ಪೊರೆ, ಅದರೊಳಗೆ ಹೆಚ್ಚಿದ ರಕ್ತದ ಹರಿವು ಎರಡೂ ಅದರಲ್ಲಿ ಕಾಣುತ್ತವೆ.

## ಎರಡಕ್ಕೂ ಹೊಂದದ ಕೈಗಳು

ಎಲ್ಲ ಕೈಗಳೂ ಈ ಎರಡು ಗುಂಪುಗಳಿಗೆ ಸೇರುವುದಿಲ್ಲ. ತುದಿಗೆಣ್ಣು ಮೆತ್ತಗೆ ಊದಿದ್ದು, ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತೆ ಸಣ್ಣ ಗುಳಿಗಳಿದ್ದರೆ ಅದು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಸಂಬಂಧಿಸಿದ ಸಂಧಿವಾತವಾಗಿರಬಹುದು. ಅದರಲ್ಲಿ ಒಂದು ಬೆರಳು ಬುಡದಿಂದ ತುದಿಯವರೆಗೂ ಒಂದೇ ಸಮನೆ ಊದುವುದೂ ಉಂಟು. ಒಂದೇ ಗೆಣ್ಣು ರಾತ್ರಿ ಬೆಳಗಾಗುವುದರೊಳಗೆ ಊದಿ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಗೌಟ್ ಅಥವಾ ಸೋಂಕು; ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಿಕುನ್‌ಗುನ್ಯದಂಥ ವೈರಸ್ ಜ್ವರಗಳ ಬೆನ್ನಿಗೆ ಎರಡೂ ಕೈಗಳು ರುಮಟಾಯ್ಡ್‌ನಂತೆಯೇ ಊದುತ್ತವೆ. ಹಲವರಲ್ಲಿ ವಾರಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದೆ ಜ್ವರ ಬಂದಿತ್ತೇ ಎಂದು ವೈದ್ಯರು ಕೆದಕಿ ಕೇಳುವುದು ಅದಕ್ಕೇ.

## ಕಾಯಬಹುದಾದ ಕಾಲ ಎಷ್ಟು

ಸವಕಳಿಯ ಗುಬುಟಿಗೆ ಅವಸರವಿಲ್ಲ. ಬಿಸಿನೀರಿನ ಶಾಖ, ಹಚ್ಚುವ ನೋವಿನ ಮುಲಾಮು, ಹೆಬ್ಬೆರಳಿನ ಬುಡಕ್ಕೆ ಆಧಾರಪಟ್ಟಿ, ಹಿಡಿಕೆ ದಪ್ಪವಿರುವ ಉಪಕರಣಗಳು ಅನುಕೂಲ ಮಾಡಿಕೊಡುತ್ತವೆ. ಗುಬುಟನ್ನು ಕರಗಿಸುವ ಔಷಧ ಯಾವುದೂ ಇಲ್ಲ. ಹಾಗೆಂದು ಮಾರುವವರ ಮಾತಿಗೆ ಮರುಳಾಗಬಾರದು.

ಮೆತ್ತಗೆ ಊದಿದ ಗೆಣ್ಣುಗಳ ಲೆಕ್ಕ ಬೇರೆ. ಊತ ಶುರುವಾದ ಆರು ವಾರಗಳೊಳಗೆ ಸಂಧಿವಾತ ತಜ್ಞರಾದ ರುಮಟಾಲಜಿಸ್ಟರನ್ನು ಕಾಣಬೇಕು, ಕಾಯಿಲೆ ಮುಂದುವರಿಯುವ ಲಕ್ಷಣವಿದ್ದರೆ ಮೂರು ತಿಂಗಳೊಳಗೆ ಅದನ್ನು ತಡೆಯುವ ಔಷಧ ಶುರುವಾಗಬೇಕು ಎಂಬುದು ಯುರೋಪಿನ ತಜ್ಞರ ಶಿಫಾರಸು. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಕೊರೆತವನ್ನು ನಿಲ್ಲಿಸುವುದಿಲ್ಲ. ಹೆಸರು ತಿಳಿಯದ ಪುಡಿ, ಮಾತ್ರೆಗಳಿಂದ ಎರಡೇ ದಿನದಲ್ಲಿ ಊತ ಇಳಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆ ಹೆಚ್ಚು. ಅದನ್ನು ವೈದ್ಯರಿಗೆ ಮುಚ್ಚಿಡಬಾರದು, ಏಕಾಏಕಿ ನಿಲ್ಲಿಸಲೂ ಬಾರದು.

ಮೊದಲಿಗೆ ಬಹುತೇಕರಿಗೆ ಕೊಡುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ, ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ನಡೆಯುತ್ತಿರಬೇಕು. ಗರ್ಭಿಣಿಯರಿಗೆ ಇದು ಸಲ್ಲದು. ಮಗುವಿನ ಯೋಚನೆಯಿರುವ ಮಹಿಳೆಯರು ಮೊದಲೇ ಹೇಳಿದರೆ ಬೇರೆ ಔಷಧ ಆರಿಸಬಹುದು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡನೆಯ ವಾರಕ್ಕೇ ಏನೂ ಆಗಲಿಲ್ಲವೆಂದು ಬಿಟ್ಟವರು ಔಷಧ ಕೆಲಸ ಶುರುಮಾಡುವ ಮೊದಲೇ ಬಿಟ್ಟಂತೆ.

ಶಿಕ್ಷಕಿಗೆ ಔಷಧ ಹಿಡಿಯಿತು ಎಂದುಕೊಳ್ಳೋಣ. ನಾಲ್ಕು ತಿಂಗಳ ಹೊತ್ತಿಗೆ ಆಕೆಯ ಚೀಟಿಯಲ್ಲಿ ಬಿಗಿತ ಒಂದೂವರೆ ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿದಿರುತ್ತದೆ. ಮುಷ್ಟಿ ಕಟ್ಟಿದರೆ ಬುಡಗೆಣ್ಣುಗಳ ನಡುವೆ ತಗ್ಗುಗಳು ಮತ್ತೆ ಕಾಣುತ್ತವೆ, ಉಂಗುರ ನಡುಗೆಣ್ಣನ್ನು ದಾಟಿ ಇಳಿಯುತ್ತದೆ. ಉಗುರಿನ ಹಿಂದಿನ ಗುಬುಟುಗಳು ಮಾತ್ರ ಹತ್ತು ವರ್ಷದ ಹಿಂದೆ ಹೇಗಿದ್ದವೋ ಹಾಗೆಯೇ, ಗಟ್ಟಿಯಾಗಿ, ನೋವಿಲ್ಲದೆ ಅಲ್ಲೇ ಇರುತ್ತವೆ.